ಬ್ಯಾಟರಿ ತುಂಬಿಸಿಕೊಂಡು ಘಾಟಿ ಇಳಿದ ದಿನ

ಮಡಿಕೇರಿಯಲ್ಲಿ ಮನೆ, ತಿಂಗಳಿಗೆರಡು ಬಾರಿ ಮಂಗಳೂರಿನಲ್ಲಿ ಕೆಲಸ. ಎಲೆಕ್ಟ್ರಿಕ್ ಕಾರು ತೆಗೆದುಕೊಂಡ ಮೊದಲ ಡಿಸೆಂಬರಿನಲ್ಲಿ, ದೂರದ ದಾರಿಯಲ್ಲವೇ ಎಂದು ರಾತ್ರಿಯಿಡೀ ಚಾರ್ಜಿಗೆ ಹಾಕಿ ನೂರಕ್ಕೆ ನೂರು ತುಂಬಿಸಿದೆ. ಬೆಳಗಿನ ಆರು ಗಂಟೆಗೆ ಅಮ್ಮನನ್ನು ಕೂರಿಸಿಕೊಂಡು ಹೊರಟಾಗ ಗಾಜಿನ ಮೇಲೆಲ್ಲ ಇಬ್ಬನಿ. ಊರು ದಾಟುವ ಮೊದಲೇ ಪರದೆಯ ಮೇಲೆ “Regenerative braking limited” ಎಂದು ಬಂತು. ಓದಿದೆ, ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಮೊದಲ ದೊಡ್ಡ ತಿರುವಿನಲ್ಲಿ ಅದರ ಅರ್ಥವಾಯಿತು. ಕಾಲು ತೆಗೆದರೆ ತಾನೇ ನಿಧಾನವಾಗುತ್ತಿದ್ದ ಕಾರು, ನ್ಯೂಟ್ರಲ್‌ನಲ್ಲಿಟ್ಟ ಜೀಪಿನಂತೆ ಮುಂದಕ್ಕೆ ಜಾರಿತು. ಹಳೆಯ ಕಾರಾಗಿದ್ದರೆ ಎರಡನೇ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಯುತ್ತಿದ್ದೆ. ಇದರಲ್ಲಿ ಇಳಿಸಲು ಗೇರ್ ಇಲ್ಲ. ಉಳಿದದ್ದು ಬ್ರೇಕ್ ಪೆಡಲ್ ಒಂದೇ, ಅದನ್ನು ಒತ್ತಿಹಿಡಿದೇ ಇಳಿದೆ. ಜೋಡುಪಾಲ ಬರುವ ಹೊತ್ತಿಗೆ ಅಮ್ಮ ಮೂಗು ಸೊಟ್ಟ ಮಾಡಿ, “ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲೋ” ಎಂದರು. ಬದಿಗೆ ನಿಲ್ಲಿಸಿ ಚಕ್ರದ ಬಳಿ ಕೈ ಹಿಡಿದರೆ ಒಲೆಯ ಮುಂದೆ ಹಿಡಿದಂತಿತ್ತು. ನೀರು ಹೊಯ್ಯಬಾರದು, ಕಾದ ಡಿಸ್ಕ್ ಸೊಟ್ಟಗಾಗಬಹುದು ಎಂಬುದು ಗೊತ್ತಿತ್ತು. ಅರ್ಧ ಗಂಟೆ ಹಾಗೆಯೇ ಆರಲು ಬಿಟ್ಟೆ. ಮುಂದಿನ ದಾರಿಯಲ್ಲಿ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸುವುದು, ಪೂರ್ತಿ ಬಿಡುವುದು, ಮತ್ತೆ ಒತ್ತುವುದು ಹೀಗೆ ಮಾಡಿದೆ. ವಾಸನೆ ಮತ್ತೆ ಬರಲಿಲ್ಲ.

ಸರ್ವಿಸ್ ಕೇಂದ್ರದವರು “ಇದು ದೋಷವಲ್ಲ, ಸ್ವಲ್ಪ ದೂರ ಓಡಿಸಿದರೆ ಹೋಗುತ್ತದೆ” ಎಂದರು. ಮೊದಲ ಮಾತು ಸರಿ. ಎರಡನೆಯದು ಬಯಲುಸೀಮೆಯ ಮಾತು.

ಆ ಸಂದೇಶದಲ್ಲಿದ್ದ ರೀಜನರೇಟಿವ್ ಬ್ರೇಕಿಂಗ್, ಚಿಕ್ಕದಾಗಿ ರೀಜನ್, ಎಂದರೆ ಇಳಿಯುವಾಗ ಮೋಟಾರು ಜನರೇಟರ್ ಆಗಿ ಬ್ಯಾಟರಿಯನ್ನು ಚಾರ್ಜ್ ಮಾಡುವುದು. ತುಂಬಿದ ಬ್ಯಾಟರಿಯ ಕೋಶಗಳು ತಮ್ಮ ಗರಿಷ್ಠ ವೋಲ್ಟೇಜಿನಲ್ಲೇ ಇರುತ್ತವೆ, ಇನ್ನಷ್ಟು ಕರೆಂಟ್ ತುರುಕಿದರೆ ಮಿತಿ ಮೀರುತ್ತದೆ. ಚಳಿಯದ್ದು ಬೇರೆ ಕಥೆ. ತಣ್ಣಗಿರುವ ಕೋಶದ ಗ್ರಾಫೈಟ್ ಪದರಗಳೊಳಗೆ ಲಿಥಿಯಂ ನಿಧಾನವಾಗಿ ಸೇರುತ್ತದೆ. ಅವಸರಪಡಿಸಿದರೆ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಹಾಗೆ ಕೂತದ್ದರಲ್ಲಿ ಒಂದಷ್ಟು ಮರಳಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಕಾರಿನ ಕಂಪ್ಯೂಟರ್ ಒಳಬರುವ ಕರೆಂಟನ್ನೇ ತಡೆಯುತ್ತದೆ. ಬಯಲಿನಲ್ಲಿ ನಾಲ್ಕಾರು ಕಿಲೋಮೀಟರ್ ಓಡಿದರೆ ಚಾರ್ಜ್ ತುಸು ಇಳಿದು ಜಾಗವಾಗುತ್ತದೆ, ಕರೆಂಟ್ ಹರಿದು ಬ್ಯಾಟರಿ ಬೆಚ್ಚಗಾಗುತ್ತಾ ಬರುತ್ತದೆ. ನಮ್ಮ ಮನೆಯಿಂದ ಹೊರಟರೆ ನೇರ ಇಳಿಜಾರು. ಖರ್ಚೂ ಇಲ್ಲ, ಬಿಸಿಯೂ ಇಲ್ಲ, ಹಿಡಿತ ಬೇಕಾದ ದಾರಿ ಮುಗಿಯುವವರೆಗೂ ಸಂದೇಶ ಹೋಗುವುದಿಲ್ಲ.

ಎಷ್ಟು ಜಾಗ ಬಿಡಬೇಕೆಂದು ಲೆಕ್ಕ ಹಾಕಿದೆ. ಮಡಿಕೇರಿಯಿಂದ ಘಾಟಿಯ ಬುಡದ ಸಂಪಾಜೆಗೆ ಇಳಿಯುವ ಎತ್ತರ ಸುಮಾರು ಸಾವಿರ ಮೀಟರ್. ನಮ್ಮಿಬ್ಬರನ್ನೂ ಸೇರಿಸಿ ಕಾರು 1600 ಕಿಲೋ. ಆ ತೂಕ ಅಷ್ಟು ಇಳಿದರೆ ಬಿಡುಗಡೆಯಾಗುವುದು ನಾಲ್ಕೂವರೆ ಯೂನಿಟ್ಟಿಗೆ ತುಸು ಕಡಿಮೆ. ಟೈರು, ಗಾಳಿ ತಿನ್ನುವುದನ್ನೂ ಮೋಟಾರಿನ ನಷ್ಟವನ್ನೂ ಕಳೆದರೆ ಬ್ಯಾಟರಿಗೆ ಸೇರುವುದು ಎರಡು ಯೂನಿಟ್ ಆಸುಪಾಸು. ನನ್ನದು 30 ಯೂನಿಟ್ಟಿನ ಬ್ಯಾಟರಿ, ಅಂದರೆ ಶೇಕಡಾ ಏಳು. ಹಾಗಾಗಿ 90ಕ್ಕೆ ಚಾರ್ಜ್ ನಿಲ್ಲಿಸಿ ಒಂದು ಮಧ್ಯಾಹ್ನ ಇಳಿದು ನೋಡಿದೆ. ಕೊಯನಾಡಿನವರೆಗೆ ಚೆನ್ನಾಗಿ ಹಿಡಿಯಿತು. ಅಲ್ಲಿ 96 ತೋರಿಸುತ್ತಿದ್ದಂತೆ ಹಿಡಿತ ಸಡಿಲವಾಯಿತು. ಕಾರು ತಡೆ ಹಾಕುವುದು ನೂರರಲ್ಲಲ್ಲ, ಅದಕ್ಕಿಂತ ಮೊದಲೇ. ಆಮೇಲೆ 85ಕ್ಕೆ ಇಳಿಸಿದೆ.

ಜನವರಿಯ ಮುಂಜಾವಿನಲ್ಲಿ 85 ಇದ್ದರೂ ಸಂದೇಶ ಬಂತು. ಈ ಸಲ ಕಾರಣ ಚಳಿಯೊಂದೇ ಎಂಬುದು ಖಚಿತ. ರೀಜನ್ ಎಷ್ಟಿದೆಯೆಂದು ತೋರಿಸುವ ಪರದೆಯ ಹಸಿರು ಪಟ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಹೀಟರ್ ಹಾಕಿ ನೋಡಿದೆ, ನನ್ನ ಕಾರಿನಲ್ಲಿ ಅದು ಬೆಚ್ಚಗಾಗಿಸುವುದು ನಮ್ಮನ್ನು ಮಾತ್ರ, ಬ್ಯಾಟರಿಯನ್ನಲ್ಲ. ಕೊನೆಗೆ ಚಾರ್ಜಿನ ಹೊತ್ತನ್ನೇ ಬದಲಿಸಿದೆ. ರಾತ್ರಿ 60 ಇದ್ದರೆ 85 ಆಗಲು ಏಳೂವರೆ ಯೂನಿಟ್ ಬೇಕು, ಹದಿನೈದು ಆಂಪಿಯರ್ ಸಾಕೆಟ್ಟಿನಲ್ಲಿ ಎರಡೂವರೆ ಗಂಟೆ. ಟೈಮರನ್ನು ಮೂರೂಕಾಲಿಗೆ ಇಟ್ಟರೆ ಹೊರಡುವ ಹೊತ್ತಿಗೆ ಚಾರ್ಜ್ ಆಗಷ್ಟೇ ಮುಗಿದಿರುತ್ತದೆ. ನಿಧಾನ ಚಾರ್ಜಿನಿಂದ ಬರುವ ಬಿಸಿ ಅಲ್ಪವೇ, ಆದರೂ ಪಟ್ಟಿ ಮುಕ್ಕಾಲಿಗೆ ಏರಿತು. ಕಾರನ್ನು ಅಂಗಳದಿಂದ ಕಾಫಿ ಮೂಟೆ ಇಡುವ ಶೆಡ್ಡಿಗೆ ತಂದದ್ದೂ ಸ್ವಲ್ಪ ನೆರವಾಗಿರಬೇಕು. ನಡುರಾತ್ರಿ ಕರೆಂಟ್ ಹೋದರೆ ಮಾತ್ರ ಈ ಏರ್ಪಾಡೆಲ್ಲ ತಲೆಕೆಳಗು.

ಉಳಿದ ಕಾಲು ಭಾಗದ ಕೊರತೆಯನ್ನು ಬ್ರೇಕಿನಿಂದಲೇ ತುಂಬಿಕೊಳ್ಳುತ್ತೇನೆ. ಊರ ಹೊರಗೆ ನೇರ ರಸ್ತೆಯಲ್ಲೊಮ್ಮೆ ಕಾಲು ತೆಗೆದು, ಕಾರು ಎಷ್ಟು ಹಿಡಿಯುತ್ತದೆಂದು ನೋಡಿಕೊಂಡೇ ಮೊದಲ ತಿರುವಿಗೆ ಹೋಗುತ್ತೇನೆ. ಸಂಜೆ ಸಂಪಾಜೆಯಿಂದ ಹತ್ತುವಾಗ ಈ ಸಂದೇಶ ಇದುವರೆಗೆ ಒಮ್ಮೆಯೂ ಬಂದಿಲ್ಲ.