ಜೋಡಿ ಉಂಗುರ: ಬೆಳ್ಳಿಯಲ್ಲಿ ಒಂದು ವಾರ, ಆಮೇಲೆ ಚಿನ್ನ

ಮಂಗಳೂರಿನಲ್ಲಿ ಮದುವೆಯ ಜೋಡಿ ಉಂಗುರಗಳನ್ನು ನಾನು ಸುಮಾರು ಹದಿನೈದು ವರ್ಷಗಳಿಂದ ಮಾಡುತ್ತಿದ್ದೇನೆ. ಮೊದಲೆಲ್ಲ ವಧೂವರರಿಬ್ಬರಿಗೂ ಆರು ಮಿಲಿಮೀಟರ್ ಅಗಲದ, 22 ಕ್ಯಾರೆಟ್‌ನ ಒಂದೇ ಬಗೆಯ ಪಟ್ಟಿ ಉಂಗುರವನ್ನು ಕೊಡುತ್ತಿದ್ದೆ. ಹಾಗೆ ಕೊಟ್ಟ ಒಂದು ಜೋಡಿ ವರ್ಷ ತುಂಬುವುದರೊಳಗೆ ಮರಳಿ ಬಂತು. ದಿನವಿಡೀ ಸ್ಪ್ಯಾನರ್ ಹಿಡಿಯುವ ಗಂಡನ ಉಂಗುರವು ಮೊಟ್ಟೆಯಾಕಾರಕ್ಕೆ ಬಾಗಿತ್ತು; ನರ್ಸ್ ಆಗಿದ್ದ ಹೆಂಡತಿಗೆ ಪಟ್ಟಿಯ ಅಡಿಯಲ್ಲಿ ಸಾಬೂನಿನ ನೀರು ನಿಂತು ಚರ್ಮ ಬೆಳ್ಳಗಾಗಿ ತುರಿಸುತ್ತಿತ್ತು. ಎರಡನ್ನೂ ಕರಗಿಸಿ ಹೊಸದಾಗಿ ಮಾಡಿಕೊಡುವಾಗ ಸವಕಳಿ ಮತ್ತು ಮಜೂರಿ ಸೇರಿ ನಾಲ್ಕು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು.

ಆ ಬಳಿಕ 18 ಕ್ಯಾರೆಟ್‌ಗೆ ಬಂದೆ. "ಊರಿನಲ್ಲಿ ಹದಿನೆಂಟು ಯಾರು ಕೊಳ್ಳುತ್ತಾರೆ ಮಾರಾಯರೇ?" ಎಂದು ಬೀದಿಯ ಹಿರಿಯ ಅಕ್ಕಸಾಲಿಗರು ಕೇಳಿದ್ದರು. ಮಾರುವಾಗ ಬೆಲೆ ಕಡಿಮೆ ಸಿಗುತ್ತದೆ ಎಂಬುದು ನಿಜ, ಆದರೆ ಪ್ರತಿದಿನ ಬೆರಳಿನಲ್ಲಿರುವ ಉಂಗುರಕ್ಕೆ ಬೇಕಾದ ಗಡಸು 22ರಲ್ಲಿ ಇಲ್ಲ. ಬಿಳಿ ಚಿನ್ನವನ್ನೂ ಪ್ರಯತ್ನಿಸಿದೆ. ಒಂದೂವರೆ ವರ್ಷದಲ್ಲಿ ಅಂಗೈ ಕಡೆಯ ರೋಡಿಯಂ ಲೇಪ ಸವೆದು ಹಳದಿ ಛಾಯೆ ಇಣುಕಿತು. ಪ್ಲಾಟಿನಂ ಗಟ್ಟಿಮುಟ್ಟಾದ ಲೋಹವೇ, ಆದರೆ ಅದೇ ಅಳತೆಯ 18 ಕ್ಯಾರೆಟ್ ಉಂಗುರಕ್ಕಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ತೂಗುತ್ತದೆ. ಅದರ ಕರಗುವ ಬಿಂದು 1768 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ನಮ್ಮಂಥವರ ಕುಲುಮೆಗೆ ಅದು ಒಗ್ಗುವುದಿಲ್ಲ, ಅಳತೆ ತಿದ್ದಬೇಕಾದರೂ ಬೇರೆಡೆಗೆ ಕಳುಹಿಸಬೇಕು.

ನನಗೆ ಕೊನೆಗೂ ಫಲ ಕೊಟ್ಟದ್ದು ಮಾದರಿ ಉಂಗುರದ ಕ್ರಮ. ಮೊದಲು ಹಿತ್ತಾಳೆಯಲ್ಲಿ ಮಾಡಿದೆ; ಬೆವರಿಗೆ ಬೆರಳು ಹಸಿರಾಯಿತೆಂದು ಗಿರಾಕಿಗಳು ಎರಡೇ ದಿನದಲ್ಲಿ ತೆಗೆದಿಟ್ಟರು. ಈಗ ಬೆಳ್ಳಿಯಲ್ಲಿ ಮಾಡಿ, ಒಂದು ವಾರ ತೊಟ್ಟು ಅಡುಗೆ, ಸ್ನಾನ, ಸ್ಕೂಟರ್ ಎಲ್ಲವನ್ನೂ ಅದರಲ್ಲೇ ನಡೆಸಿ ಬರುವಂತೆ ಹೇಳುತ್ತೇನೆ. ಬೆಳ್ಳಿ ಮರಳಿ ಬರುತ್ತದೆ, ನನಗೆ ಅರ್ಧ ದಿನದ ಕೆಲಸವಷ್ಟೇ ಖರ್ಚು.

ಕಳೆದ ವರ್ಷ ಬಂದ ಜೋಡಿಯಲ್ಲೂ ಹುಡುಗಿ ನರ್ಸ್. ಇಬ್ಬರೂ ಐದು ಮಿಲಿಮೀಟರ್ ಬೇಕೆಂದು ಹಟ ಹಿಡಿದಿದ್ದರು, ವಾರ ಕಳೆದ ಮೇಲೆ ಅವರೇ ಮನಸ್ಸು ಬದಲಿಸಿದರು. ಆಕೆಗೆ ಎರಡೂವರೆ, ಆತನಿಗೆ ನಾಲ್ಕು ಮಿಲಿಮೀಟರ್ ಎಂದು ನಿಶ್ಚಯವಾಯಿತು; ತೂಕ ಸುಮಾರು ಮೂರು ಗ್ರಾಂ ಮತ್ತು ಆರೂವರೆ ಗ್ರಾಂ. ಅಗಲ ಬೇರೆಯಾದರೂ ಮೇಲ್ಮೈಯ ಉಬ್ಬು ಮತ್ತು ಮೆರುಗು ಒಂದೇ ಇದ್ದರೆ ಕಣ್ಣು ಅವನ್ನು ಜೋಡಿಯೆಂದೇ ಒಪ್ಪುತ್ತದೆ. ಅಳತೆಯನ್ನು ಬೆರಳು ಸ್ವಲ್ಪ ಊದಿರುವ ಸಂಜೆಯ ಹೊತ್ತಿಗೆ ತೆಗೆದುಕೊಳ್ಳುತ್ತೇನೆ. ತೆಳ್ಳಗಿನ ಅಳತೆ ಬಳೆಯಲ್ಲಿ ಸರಿಯಾಗಿ ಕೂತ ನಂಬರ್ ಅಗಲ ಪಟ್ಟಿಯಲ್ಲಿ ಬಿಗಿಯಾಗುವುದರಿಂದ, ನಾಲ್ಕು ಮಿಲಿಮೀಟರ್ ದಾಟಿದರೆ ಅರ್ಧದಿಂದ ಒಂದು ನಂಬರ್ ಏರಿಸುತ್ತೇನೆ. ಒಳಅಂಚನ್ನು ದುಂಡಾಗಿಸುವ ಅರದ ಕೋನವನ್ನೂ ತಾಮ್ರ-ಬೆಳ್ಳಿಯ ಬೆರಕೆಯ ಪ್ರಮಾಣವನ್ನೂ ಮಾತ್ರ ಇಲ್ಲಿ ಬರೆಯಲಾರೆ, ಅದಕ್ಕಾಗಿ ನಾನು ಬಹಳಷ್ಟು ಚಿನ್ನ ಕಳೆದುಕೊಂಡಿದ್ದೇನೆ.

ಆ ಜೋಡಿ ಮೊನ್ನೆ ಮೆರುಗಿಗೆಂದು ಬಂದಿತ್ತು. ಎರಡೂ ಉಂಗುರಗಳನ್ನು ಅಳತೆಕೋಲಿಗೆ ಹಾಕಿ ತಿರುಗಿಸಿ ನೋಡಿದೆ, ದುಂಡು ಕೆಟ್ಟಿರಲಿಲ್ಲ. ಹಿಂದೆ ಪ್ರಶ್ನಿಸಿದ್ದ ಹಿರಿಯರೊಬ್ಬರು ಈಗ ತಮ್ಮ ಗಿರಾಕಿಗಳಿಗಾಗಿ ನನ್ನಿಂದಲೇ ಬೆಳ್ಳಿಯ ಮಾದರಿಗಳನ್ನು ಒಯ್ಯುತ್ತಿದ್ದಾರೆ.