ಗರ್ಭಪಾತದ ಮಾತ್ರೆ ತಗೊಂಡಾಗ ಎಷ್ಟು ಬ್ಲೀಡಿಂಗ್ ಆದರೆ ಸರಿ, ಎಷ್ಟಾದರೆ ಜಾಸ್ತಿ: ನನ್ನ ಅನುಭವ

ಮಾತ್ರೆ ನುಂಗುವುದು ಸುಲಭ. ಆಮೇಲೆ ಬಾತ್‌ರೂಮಿನಲ್ಲಿ ಕೂತು "ಇಷ್ಟು ರಕ್ತ ಹೋಗುವುದು ಸರಿಯಾ?" ಎಂದು ಯೋಚಿಸುವ ಹೊತ್ತೇ ಕಷ್ಟ. ಅದಕ್ಕೆ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ನನಗೆ ಆಗ ಏಳು ವಾರ. ಡಾಕ್ಟರು ಮೊದಲು ಸ್ಕ್ಯಾನ್ ಮಾಡಿಸಿದರು. ವಾರ ಲೆಕ್ಕ ಹಾಕುವುದಕ್ಕೆ ಮಾತ್ರ ಅಲ್ಲ, ಗರ್ಭ ಗರ್ಭಕೋಶದ ಒಳಗೇ ಇದೆಯಾ ಅಂತ ನೋಡುವುದಕ್ಕೂ. ಗರ್ಭ ನಾಳದಲ್ಲಿ ಕೂತಿದ್ದರೆ ಈ ಮಾತ್ರೆಯಿಂದ ಹೋಗುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ, ತುಂಬಾ ದಿನದಿಂದ ಸ್ಟಿರಾಯ್ಡ್ ತಗೊಳ್ತಿದ್ದೀರಾ, ರಕ್ತ ತೀರಾ ಕಡಿಮೆ ಇದೆಯಾ, ಕಾಪರ್-ಟಿ ಹಾಕಿಸಿದ್ದೀರಾ ಎಂದೆಲ್ಲ ಕೇಳಿದರು.

ಮೊದಲು 200 ಮಿಲಿಗ್ರಾಂನ ಮಿಫೆಪ್ರಿಸ್ಟೋನ್, ಒಂದೇ ಮಾತ್ರೆ, ನೀರಿನ ಜೊತೆ. ಗರ್ಭ ನಿಲ್ಲುವುದಕ್ಕೆ ಬೇಕಾದ ಪ್ರೊಜೆಸ್ಟರೋನ್ ಹಾರ್ಮೋನಿನ ಕೆಲಸವನ್ನು ಇದು ತಡೆಯುತ್ತದೆ. ನನಗೆ ಸ್ವಲ್ಪ ವಾಕರಿಕೆ ಬಂತು, ಅಷ್ಟೇ. ಕೆಲವರಿಗೆ ಇದರಲ್ಲೇ ಸ್ವಲ್ಪ ರಕ್ತ ಕಾಣಿಸಬಹುದು, ಹಾಗಂತ ಎರಡನೇ ಮಾತ್ರೆ ಬಿಡುವ ಹಾಗಿಲ್ಲ.

ಎರಡನೆಯದು ಮಿಸೊಪ್ರೊಸ್ಟಾಲ್. ಮೊದಲನೆಯದು ತಗೊಂಡ 24ರಿಂದ 48 ಗಂಟೆಯೊಳಗೆ, 200 ಮೈಕ್ರೋಗ್ರಾಂನ ನಾಲ್ಕು ಮಾತ್ರೆ. ಗರ್ಭಕೋಶ ಹಿಂಡಿ ಎಲ್ಲವನ್ನೂ ಹೊರಗೆ ತಳ್ಳುವುದು ಇದೇ. ಡಾಕ್ಟರು ಹೇಳಿದಂತೆ ಕೆನ್ನೆಗೂ ವಸಡಿಗೂ ನಡುವೆ, ಆ ಕಡೆ ಎರಡು ಈ ಕಡೆ ಎರಡು ಇಟ್ಟುಕೊಂಡು ಅರ್ಧ ಗಂಟೆ ಸುಮ್ನೆ ಕೂತೆ, ಉಳಿದ ಪುಡಿಯನ್ನು ನೀರು ಕುಡಿದು ನುಂಗಿದೆ. ಐಬುಪ್ರೊಫೆನ್ ಮೊದಲೇ ತಗೊಂಡಿದ್ದೆ. ನೋವು ಏರಿದ ಮೇಲೆ ತಗೊಳ್ಳೋದಕ್ಕಿಂತ ಇದೇ ಒಳ್ಳೆಯದು. ಅಕ್ಕ ಜೊತೆಗಿದ್ದಳು, ಒಬ್ಬರೇ ಇರಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಎರಡು ಗಂಟೆಯೊಳಗೆ ಚಳಿ ಹತ್ತಿ ಹಲ್ಲು ಕಟಕಟ ಅಂತು, ಮೈ ಸ್ವಲ್ಪ ಬಿಸಿಯಾಯ್ತು, ಭೇದಿಯೂ ಆಯ್ತು. ಇವೆಲ್ಲ ಮಿಸೊಪ್ರೊಸ್ಟಾಲ್‌ನ ಗುಣ. ಆಮೇಲೆ ಬ್ಲೀಡಿಂಗ್ ಶುರು. ಮುಟ್ಟಿನದಕ್ಕಿಂತ ಎಷ್ಟೋ ಜಾಸ್ತಿ, ಗಡ್ಡೆಗಳೂ ಬಂದವು, ಒಂದು ನಿಂಬೆಹಣ್ಣಿನಷ್ಟಿತ್ತು. ಅದನ್ನು ನೋಡಿ ಎದೆ ಧಸಕ್ಕೆಂದಿತು, ಆದರೆ ಅಷ್ಟು ದೊಡ್ಡದು ಬರಬಹುದು ಅಂತ ಮೊದಲೇ ಗೊತ್ತಿದ್ದರಿಂದ ಸುಧಾರಿಸಿಕೊಂಡೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಚೀಟಿ. ಪ್ಯಾಡ್ ಬದಲಿಸಿದಾಗಲೆಲ್ಲ ಅಕ್ಕ ಗಂಟೆ ಬರೆದಿಡುತ್ತಿದ್ದಳು, ಪಕ್ಕದಲ್ಲಿ "ಪೂರ್ತಿ" ಅಥವಾ "ಅರ್ಧ". ದೊಡ್ಡ ಪ್ಯಾಡ್ ಹಿಂದಿನಿಂದ ಮುಂದಿನವರೆಗೆ ತೊಯ್ದಿದ್ದರೆ ಮಾತ್ರ ಪೂರ್ತಿ. ಗಂಟೆಗೆ ಎರಡು ಅಥವಾ ಹೆಚ್ಚು ಪೂರ್ತಿ ಪ್ಯಾಡ್, ಅದೂ ಸತತ ಎರಡು ಗಂಟೆ ಆದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂಬುದು ಲೆಕ್ಕ. ನನ್ನ ಚೀಟಿಯಲ್ಲಿ ಒಂದು ಗಂಟೆ ಎರಡು ಪೂರ್ತಿ ಆಯ್ತು, ಇಬ್ಬರೂ ಗಡಿಯಾರ ನೋಡುತ್ತಾ ಕೂತೆವು, ಮುಂದಿನ ಗಂಟೆ ಒಂದು, ಆಮೇಲೆ ಅರ್ಧ. ಹೀಗೆ ಇಳಿಯುತ್ತಾ ಹೋಗುವುದೇ ಮುಖ್ಯ. ಲೆಕ್ಕ ಏನೇ ಇರಲಿ, ತಲೆ ಸುತ್ತಿ ಬೀಳುವಂತಾದರೆ, ಎದೆ ಹೊಡೆದುಕೊಂಡರೆ, ಮೈ ತಣ್ಣಗಾಗಿ ಬೆವರಿದರೆ ಪ್ಯಾಡ್ ಎಣಿಸುತ್ತಾ ಕೂರಬಾರದು. ಒಂದೇ ಕಡೆ ಜೋರು ಹೊಟ್ಟೆನೋವು ಅಥವಾ ಭುಜದ ತುದಿಯಲ್ಲಿ ನೋವು ಬಂದರೂ ಹಾಗೇ, ನಾಳದ ಗರ್ಭ ಇರಬಹುದು, ಸ್ಕ್ಯಾನ್ ಸರಿ ಇತ್ತು ಅಂತ ಸುಮ್ಮನಾಗಬೇಡಿ.

ಜ್ವರದ ಲೆಕ್ಕ ಬೇರೆ. ಮಾತ್ರೆ ತಗೊಂಡ ದಿನ ಬಂದು ಇಳಿಯುವ ಜ್ವರ ಸಾಮಾನ್ಯ. 24 ಗಂಟೆ ಕಳೆದ ಮೇಲೂ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಇದ್ದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಸೋಂಕು ಇರಬಹುದು. ಜ್ವರ ಇಲ್ಲದಿದ್ದರೂ ಮಾರನೇ ದಿನದಿಂದ ವಾಂತಿ, ಸುಸ್ತು, ಹೊಟ್ಟೆನೋವು ಬಿಡದಿದ್ದರೂ ತೋರಿಸಲೇಬೇಕು.

ಇನ್ನೊಂದು ವಿಷಯ ಜನ ಮರೆಯುತ್ತಾರೆ: ರಕ್ತ ಬರದೇ ಇರುವುದೂ ಎಚ್ಚರಿಕೆಯೇ. ಎರಡನೇ ಮಾತ್ರೆ ತಗೊಂಡು 24 ಗಂಟೆಯಾದರೂ ಏನೂ ಆಗದಿದ್ದರೆ, ಬರೀ ಚೂರು ಕಲೆಯಾದರೆ, ಡಾಕ್ಟರಿಗೆ ಹೇಳಿ. ಗರ್ಭ ಹಾಗೇ ಮುಂದುವರಿದಿರಬಹುದು, ಮಿಸೊಪ್ರೊಸ್ಟಾಲ್‌ನಿಂದ ಭ್ರೂಣಕ್ಕೆ ಊನ ಆಗುವ ಸಾಧ್ಯತೆ ಇದೆ.

ನನಗೆ ಎರಡು ವಾರದ ತನಕ ಕಡಿಮೆಯಾಗುತ್ತಾ, ನಿಂತು, ಮತ್ತೆ ಚೂರು ಚೂರು ಕಾಣಿಸುತ್ತಾ ಇತ್ತು. ಕೆಲವರಿಗೆ ತಿಂಗಳ ತನಕವೂ ಇರುತ್ತದಂತೆ. ಕಡಿಮೆಯಾದದ್ದು ಮತ್ತೆ ಜೋರಾದರೆ ಒಳಗೆ ಏನಾದರೂ ಉಳಿದಿರಬಹುದು.

ಎರಡು ವಾರಕ್ಕೆ ತೋರಿಸಲು ಹೋದಾಗ ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ. ಮನೆಯ ಟೆಸ್ಟ್ ಪಟ್ಟಿಯಲ್ಲಿ ಮಾತ್ರ ಇನ್ನೂ ಎರಡು ಗೆರೆ! ಹಾರ್ಮೋನ್ ಇಳಿಯಲು ನಾಲ್ಕು ವಾರದಷ್ಟು ಬೇಕಾಗಬಹುದು, ಅದನ್ನು ನೋಡಿ ಹೆದರಬೇಡಿ ಎಂದರು ಡಾಕ್ಟರು. ಮುಟ್ಟು ಬರುವುದಕ್ಕೆ ಮೊದಲೇ ಮತ್ತೆ ಗರ್ಭ ನಿಲ್ಲಬಹುದು ಅಂತ ಅವತ್ತೇ ಗರ್ಭನಿರೋಧಕದ ಮಾತೂ ಮುಗಿಸಿಕೊಂಡು ಬಂದೆ.