ಮೂರು ವರ್ಷ ಮುಗಿದ ಮೇಲೂ ಖಾತೆಯಲ್ಲೇ ಉಳಿದ 22 ಲಕ್ಷ: ಫಾರ್ಮ್ ಜಿಗೆ ಸಹಿ ಹಾಕಿಸಿದ್ದು ಹೀಗೆ

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಬೇರೆಯವರ ರಿಟರ್ನ್ ತುಂಬುತ್ತಿದ್ದೇನೆ. ಆಸ್ತಿ ಮಾರಿದ ಹಣವನ್ನು ಹೊಸ ಮನೆಗೆ ಅಂತ, ತೆರಿಗೆ ವಿನಾಯಿತಿಗಾಗಿ ಬ್ಯಾಂಕಿನಲ್ಲಿ ಇಡುವ ಕ್ಯಾಪಿಟಲ್ ಗೇನ್ಸ್ ಖಾತೆ ಮಾತ್ರ ನನ್ನದೇ ದುಡ್ಡು ಸಿಕ್ಕಿಬಿದ್ದಾಗ ನಿಜವಾಗಿ ಅರ್ಥವಾಯಿತು. "ಪೂರ್ತಿ ಉಳಿಕೆಗೆ ತೆರಿಗೆ ಕಟ್ಟಿ ಕೈ ತೊಳಕೋರಿ" ಅಂದ ಆಡಿಟರ್ ಗೆಳೆಯರಿಗೆ ಈಗ ಲೆಕ್ಕ ತೋರಿಸಿಯಾಗಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

2021ರ ಫೆಬ್ರವರಿಯಲ್ಲಿ ಒಂದು ಸೈಟು ಮಾರಿದೆ. ಖರ್ಚು ಕಳೆದು 60 ಲಕ್ಷ ಬಂತು. 2006-07ರಲ್ಲಿ 8 ಲಕ್ಷಕ್ಕೆ ಕೊಂಡಿದ್ದು, ಬೆಲೆಯೇರಿಕೆಗೆ ತಕ್ಕಂತೆ ಇಂಡೆಕ್ಸ್ ಮಾಡಿದರೆ ಹತ್ತೊಂಬತ್ತೂ ಮುಕ್ಕಾಲು ಲಕ್ಷ. ಲಾಭ ಸುಮಾರು 40.26 ಲಕ್ಷ. ಮಾರಿದ ಹಣದಲ್ಲಿ ಮೂರು ವರ್ಷದೊಳಗೆ ಮನೆ ಕಟ್ಟಿದರೆ ಲಾಭಕ್ಕೆ ವಿನಾಯಿತಿ ಕೊಡುವ ಸೆಕ್ಷನ್ 54ಎಫ್ ಪ್ರಕಾರ ಪೂರ್ತಿ ವಿನಾಯಿತಿ ಬೇಕಿದ್ದರಿಂದ 60 ಲಕ್ಷವನ್ನೂ ಆ ಬೇಸಿಗೆಯಲ್ಲೇ ಖಾತೆಗೆ ಹಾಕಿದೆ. ಒಂದಷ್ಟು ಉಳಿತಾಯ ಖಾತೆಯಂಥ ಎ ಮಾದರಿಗೆ, ಹೆಚ್ಚಿನದು ಬಿ ಮಾದರಿಯ ಅವಧಿ ಠೇವಣಿಗೆ. ಅಪ್ಪನಿಂದ ಬಂದ ಜಾಗದಲ್ಲಿ ಮನೆ ಕಟ್ಟಿದೆವು, 38 ಲಕ್ಷ ಹೋಯಿತು. ಅಷ್ಟರಲ್ಲಿ ಮಗನಿಗೆ ಪುಣೆಯಲ್ಲಿ ಕೆಲಸವಾಯಿತು, ಮೇಲಿನ ಮಹಡಿ ಕೈಬಿಟ್ಟೆವು. 2024ರ ಫೆಬ್ರವರಿಗೆ ಗಡುವು ಮುಗಿದಾಗ 22 ಲಕ್ಷ ಹಾಗೇ ಉಳಿದಿತ್ತು. ಬಡ್ಡಿ ಸೇರಿ ಪಾಸ್‌ಬುಕ್ಕಿನಲ್ಲಿ ಇಪ್ಪತ್ತಾರೂವರೆ ಲಕ್ಷದ ಹತ್ತಿರ.

ಗಡುವಿನ ನಂತರದ ತಾರಸಿ ಕೆಲಸಕ್ಕೆ ಹಳೆಯ ತಾರೀಖಿನ ಬಿಲ್ಲು ಮಾಡಿಸಿ ಅಂತ ಗುತ್ತಿಗೆದಾರರೇ ಸಲಹೆ ಕೊಟ್ಟರು. ಆ ದಾರಿಗೆ ನಾನು ಹೋಗಲಿಲ್ಲ. ಈ ಖಾತೆಯಿಂದ ತೆಗೆದ ಪ್ರತಿ ಕಂತಿಗೂ ಫಾರ್ಮ್ ಸಿ, ಆಮೇಲೆ ಫಾರ್ಮ್ ಡಿ ಬ್ಯಾಂಕಿನಲ್ಲಿ ಇರುತ್ತವೆ. ಹಿಂದಿನ ಕಂತು ಯಾವುದಕ್ಕೆ ಹೋಯಿತು ಅಂತ ನಾವೇ ಬರೆದುಕೊಟ್ಟಿರುತ್ತೇವೆ. ತೆಗೆದದ್ದು ಅರವತ್ತು ದಿನದಲ್ಲಿ ಖರ್ಚಾಗದಿದ್ದರೆ ವಾಪಸ್ ಹಾಕಬೇಕು. ಟೈಲ್ಸ್ ಅಂಗಡಿಯವರು ಮಾಲು ಕೊಡದೆ ಸತಾಯಿಸಿದಾಗ ನಾಲ್ಕು ಲಕ್ಷವನ್ನು ಹಾಗೆಯೇ ವಾಪಸ್ ಕಟ್ಟಿದ್ದೆ. ಮುಂದೆ ತೆರಿಗೆ ಅಧಿಕಾರಿಯ ಎದುರು ನನ್ನನ್ನು ಕಾಪಾಡಿದ್ದು ಆ ಒಂದು ನಮೂದೇ.

ಈಗ ತೆರಿಗೆಯ ಲೆಕ್ಕ. ಪಾಸ್‌ಬುಕ್ ನೋಡಿ ಇಪ್ಪತ್ತಾರೂವರೆಗೂ ಹಾಕಿದರೆ ಸೆಸ್ ಸೇರಿ ಐದೂವರೆ ಲಕ್ಷ. ಗೆಳೆಯರ ಹಾಗೆ 22 ಲಕ್ಷಕ್ಕೆ ಹಾಕಿದರೆ 4.58 ಲಕ್ಷ. ಎರಡೂ ತಪ್ಪು. ಬಡ್ಡಿಯನ್ನು ವರ್ಷ ವರ್ಷವೂ ಇತರ ಆದಾಯದಲ್ಲಿ ತೋರಿಸಿ ತೆರಿಗೆ ಕಟ್ಟಿದ್ದೆ, ಅದು ಲಾಭವೇ ಅಲ್ಲ. ಇನ್ನು 54ಎಫ್‌ನಲ್ಲಿ ವಿನಾಯಿತಿ ಸಿಕ್ಕಿದ್ದೇ ಪ್ರಮಾಣದ ಮೇಲೆ. ಕೊಟ್ಟ ವಿನಾಯಿತಿಯಿಂದ, ಮನೆಗೆ ನಿಜವಾಗಿ ಖರ್ಚಾದ ಹಣಕ್ಕೆ ಸಿಗಬೇಕಿದ್ದ ವಿನಾಯಿತಿ ಕಳೆದು, ಉಳಿದಷ್ಟಕ್ಕೆ ಮಾತ್ರ ತೆರಿಗೆ ಅನ್ನುತ್ತದೆ ಆ ಸೆಕ್ಷನ್ನಿನ ಉಪಬಂಧ. ಕೊಟ್ಟದ್ದು 40.26. 38 ಲಕ್ಷ ಖರ್ಚಿಗೆ ಸಿಗಬೇಕಿದ್ದುದು 40.26 × 38 ÷ 60, ಅಂದರೆ 25.50. ಉಳಿದ 14.76 ಲಕ್ಷ ನನ್ನ ಆದಾಯ. ಆಗಿನ ಶೇ. 20 ಮತ್ತು ಸೆಸ್ ಸೇರಿ 3.07 ಲಕ್ಷ. ಒಂದೂವರೆ ಲಕ್ಷ ಉಳಿಯಿತು.

ಮನೆ ಮಾರಿ ಸೆಕ್ಷನ್ 54ರಲ್ಲಿ ಲಾಭ ಮಾತ್ರ ಠೇವಣಿ ಇಟ್ಟವರಿಗೆ ಈ ಭಾಗಾಕಾರ ಇಲ್ಲ. ನನ್ನ ಕಕ್ಷಿದಾರರೊಬ್ಬರು ಹೀಗೆ ಇಟ್ಟ 18 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಬಳಸಲಿಲ್ಲ. 18ಕ್ಕೂ ಕಟ್ಟಬೇಕಾಯಿತು.

ದೊಡ್ಡ ಸಂಕಟ ಬೇರೆಯೇ ಇತ್ತು. ಮೂರು ವರ್ಷ ತುಂಬಿದ್ದು ಫೆಬ್ರವರಿಯಲ್ಲಿ, ಅಡ್ವಾನ್ಸ್ ಟ್ಯಾಕ್ಸಿನ ಕೊನೇ ಕಂತು ಮಾರ್ಚ್ 15ಕ್ಕೆ. ತೆರಿಗೆ ಕಟ್ಟಬೇಕಾದ ದುಡ್ಡು ಬೀಗ ಬಿದ್ದ ಖಾತೆಯಲ್ಲಿ. ಮನೆಯವರ ಬಂಗಾರ ಅಡವಿಟ್ಟು ಮಾರ್ಚ್ ಹತ್ತರ ಆಸುಪಾಸು ಚಲನ್ ಕಟ್ಟಿದೆ. ಅಡವಿನ ಬಡ್ಡಿ ಹನ್ನೆರಡು ಹದಿಮೂರು ಸಾವಿರ ಆಯಿತು. ಜುಲೈಯಲ್ಲಿ ಕಟ್ಟಿದ್ದರೆ ದಂಡಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಆದರೂ ಗಡುವು ಮುಗಿದು ತಿಂಗಳೊಳಗೇ ಕಟ್ಟಿದ ಚಲನ್ ಕೈಯಲ್ಲಿದ್ದರೆ ಮಾತಿಗೆ ಬರುವ ಬಲವೇ ಬೇರೆ.

ಬ್ಯಾಂಕ್ ಮ್ಯಾನೇಜರು ಅಧಿಕಾರಿಯ ಅನುಮತಿ ಇಲ್ಲದೆ ಖಾತೆ ಮುಚ್ಚುವುದಿಲ್ಲ ಅಂದರು. ಅವರು ಹೇಳಿದ್ದು ಸರಿ. ಖಾತೆ ಮುಚ್ಚುವ ಅರ್ಜಿಯಾದ ಫಾರ್ಮ್ ಜಿ ಹಿಡಿದು ಹುಬ್ಬಳ್ಳಿಯ ತೆರಿಗೆ ಕಚೇರಿಗೆ ಹೋದರೆ ಗುಮಾಸ್ತರು ಪರದೆ ನೋಡಿ, "ನಿಮ್ಮ ಪ್ಯಾನ್ ಬೆಂಗಳೂರಿನಾಗ ಐತ್ರೀ, ನಾವು ಸಹಿ ಹಾಕಾಕ ಬರೂದಿಲ್ಲ" ಅಂದರು. ನನ್ನ ಮೊದಲ ನೌಕರಿ ಬೆಂಗಳೂರಿನದು, ಪ್ಯಾನ್ ಅಲ್ಲಿನ ವಾರ್ಡಿನಲ್ಲೇ ಉಳಿದಿತ್ತು. ಪೋರ್ಟಲ್ಲಿನ Know Your AO ಒತ್ತಿ ನೋಡಲು ಎರಡು ನಿಮಿಷ ಸಾಕಿತ್ತು. ನೋಡದೇ ಹೋದದ್ದಕ್ಕೆ ವರ್ಗಾವಣೆಯ ಅರ್ಜಿ, ನೆನಪಿನ ಪತ್ರ, ಇ-ನಿವಾರಣದ ದೂರು ಅಂತ ಸುಮಾರು ಮೂರು ತಿಂಗಳು ಹೋಯಿತು.

ಈ ನಡುವೆ ಬಿ ಮಾದರಿಯ ಠೇವಣಿಯನ್ನು ಫಾರ್ಮ್ ಬಿ ಕೊಟ್ಟು ಎ ಮಾದರಿಗೆ ಬದಲಾಯಿಸಿ ನೋಡಿದೆ, ಹಣ ಬೇಗ ಬಿಡಬಹುದೇನೋ ಅಂತ. ಅವಧಿಗೆ ಮೊದಲು ಮುರಿದದ್ದಕ್ಕೆ ಬಡ್ಡಿ ಕಡಿತವಾದದ್ದೇ ಬಂತು. ಖಾತೆ ಮುಚ್ಚಲು ಫಾರ್ಮ್ ಜಿ ಬೇಕೇ ಬೇಕು.

ಪ್ಯಾನ್ ಹುಬ್ಬಳ್ಳಿಗೆ ಬರುವ ಹೊತ್ತಿಗೆ ಅಸೆಸ್‌ಮೆಂಟ್ ವರ್ಷ 2024-25ರ ರಿಟರ್ನ್ ಸಲ್ಲಿಸಿಯಾಗಿತ್ತು. ರಿಟರ್ನಿನ Schedule CGಯಲ್ಲಿ ಖಾತೆಯಲ್ಲಿ ಬಳಸದೆ ಉಳಿದ ಲಾಭಕ್ಕೆ ಪ್ರತ್ಯೇಕ ಸಾಲಿದೆ. ಮಾರಿದ ವರ್ಷ, ಸೆಕ್ಷನ್, ಮೊತ್ತ ಅಲ್ಲೇ ತುಂಬಬೇಕು. ಹೊಸ ಮಾರಾಟದ ಸಾಲಿನಲ್ಲಿ ಹಾಕಿದರೆ ಅಧಿಕಾರಿಗೆ ಹೊಂದಿಸಿ ನೋಡಲು ಆಗುವುದಿಲ್ಲ.

ಅಧಿಕಾರಿಯ ಮುಂದೆ ಕುಳಿತಾಗ ಮಗನ ಕೆಲಸದ ಕಥೆ ಹೇಳಲಿಲ್ಲ, ಗಡುವು ವಿಸ್ತರಿಸಿ ಅಂತಲೂ ಕೇಳಲಿಲ್ಲ. ವಿಸ್ತರಿಸುವ ಅಧಿಕಾರ ಅವರಿಗಿಲ್ಲ. ಕೇಳಿದರೆ ಇವನಿಗೆ ಇನ್ನೂ ಏನೋ ಬಾಕಿ ಇದೆ ಅನ್ನಿಸುತ್ತದೆ. ಇಷ್ಟೇ ಹೇಳಿದೆ: "ಸರ್, ಮೂರು ವರ್ಷ ಮುಗಿದಿದೆ. ಬಳಸದ ಭಾಗದ ಲಾಭವನ್ನು ಆ ವರ್ಷದ ಆದಾಯದಲ್ಲಿ ತೋರಿಸಿ ತೆರಿಗೆ ಕಟ್ಟಿದ್ದೇನೆ. ಹಣ ತೆಗೆದುಕೊಳ್ಳಲು ಅನುಮತಿ ಕೊಡಿ."

ಅವರ ಮೊದಲ ಪ್ರಶ್ನೆ, "2020-21ರ ವಿನಾಯಿತಿಯನ್ನೇ ವಾಪಸ್ ತೆಗೆಯಬೇಕಲ್ವಾ? ಅವತ್ತಿನಿಂದ ಬಡ್ಡಿ ಎಲ್ಲಿ?" ಉಪಬಂಧದ ಪುಟದಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದೆ. ಮೂರು ವರ್ಷ ಮುಗಿಯುವ ವರ್ಷದ ಆದಾಯ ಅಂತ ಅಲ್ಲೇ ಇದೆ, ಹಳೆಯ ರಿಟರ್ನ್ ಮುಟ್ಟುವ ಮಾತೇ ಇಲ್ಲ. ಅವರು ಎರಡು ಸಲ ಓದಿದರು. ಆಮೇಲೆ, "ಖಾತೆಯಲ್ಲಿ ಇಪ್ಪತ್ತಾರು ಇದೆ, ನೀವು ಇಪ್ಪತ್ತೆರಡು ಅಂತೀರಿ?" ಅಂದರು. ಅಸಲು, ಬಡ್ಡಿ, ವಾಪಸ್ ಕಟ್ಟಿದ ನಾಲ್ಕು ಲಕ್ಷ ಬೇರೆ ಬೇರೆ ಮಾಡಿ ಬ್ಯಾಂಕ್ ಮುದ್ರೆ ಹಾಕಿಸಿದ ಒಂದೇ ಹಾಳೆ ಕೊಟ್ಟೆ. ಬಡ್ಡಿ ತೋರಿಸಿದ ಮೂರು ರಿಟರ್ನ್ ಅದರ ಹಿಂದೆ. ಕಡತದ ಮೊದಲ ಪುಟವಾಗಿ ಏನಿಟ್ಟಿದ್ದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡಿನ ಗುಟ್ಟು. ವಾರದೊಳಗೆ ಸಹಿ ಬಂತು.

ಕಳೆದ ತಿಂಗಳು ಒಬ್ಬ ವಿಧವೆ ಇಂಥದೇ ಖಾತೆಯ ಪಾಸ್‌ಬುಕ್ ತಂದಿದ್ದರು. ಗಡುವಿಗೆ ಮೊದಲೇ ಗಂಡ ತೀರಿಕೊಂಡಿದ್ದರು, ಅರ್ಧ ಹಣ ಖಾತೆಯಲ್ಲೇ ಇತ್ತು. ತೆರಿಗೆಗೆ ಅಂತ ಸಾಲ ಮಾಡಲು ಹೊರಟಿದ್ದರು. ನೇರ ತೆರಿಗೆ ಮಂಡಳಿಯ 1996ರ ಮೇ 6ರ 743ನೇ ಸುತ್ತೋಲೆ ತೆಗೆದುಕೊಟ್ಟೆ. ಅಂಥ ಉಳಿಕೆಗೆ ವಾರಸುದಾರರ ಕೈಯಲ್ಲಿ ತೆರಿಗೆ ಇಲ್ಲ. ಅವರದು ಫಾರ್ಮ್ ಜಿ ಅಲ್ಲ, ಫಾರ್ಮ್ ಎಚ್. ಅದು ಈಗ ಅಧಿಕಾರಿಯ ಮೇಜಿನ ಮೇಲಿದೆ.